ಕೊನೆಯ ನಳದ ನೀರು

ಒಂದೇ ಓಣಿಯಲ್ಲಿ ಎರಡು ದೂರುಗಳು ಕೇಳಿಬರುವುದುಂಟು. ಓಣಿಯ ಬಾಯಲ್ಲಿರುವ ಮನೆಯವರು ನೀರು ಮದ್ದಿನ ವಾಸನೆ ಹೊಡೆಯುತ್ತದೆಂದು ಮೂಗು ಮುಚ್ಚಿಕೊಳ್ಳುವರು. ಓಣಿಯ ತುದಿಯಲ್ಲಿರುವವರು ನೀರು ಮಣ್ಣಿನ ವಾಸನೆ ಬರುತ್ತದೆ, ಬೆಳಗಿನ ಮೊದಲ ಕೊಡ ಕೆಂಪಗಿರುತ್ತದೆ ಎನ್ನುವರು. ಇಬ್ಬರಿಗೂ ನೀರು ಬರುವುದು ಒಂದೇ ಕೊಳವೆಯಿಂದ. ಇಬ್ಬರ ಮಾತೂ ನಿಜವೇ. ಶುದ್ಧೀಕರಣಾಗಾರದಿಂದ ಸರಿಯಾಗಿ ಹೊರಟ ನೀರು ಕೆಲವು ನೂರು ಅಡಿಗಳಷ್ಟು ಓಣಿಯಲ್ಲಿ ಹೀಗೆ ಬದಲಾಗುವುದೇಕೆ? ಕೊಳವೆಯ ಉದ್ದವೊಂದನ್ನೇ ನೋಡಿದರೆ ಇದು ತಿಳಿಯುವುದಿಲ್ಲ. ನೀರು ಆ ಕೊಳವೆಯೊಳಗೆ ಎಷ್ಟು ಹೊತ್ತು ನಿಂತಿತೆಂಬುದನ್ನು ಲೆಕ್ಕ ಹಾಕಬೇಕು.

ವಿಜಯಪುರಕ್ಕೆ ಕೊಳವೆಯ ನೀರು ಹೊಸತಲ್ಲ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೀರು ತಂದರು. ಮಹಮ್ಮದ್ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಸಿದರು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿದ ಗಂಜ್ ಎಂಬ ಗೋಪುರಗಳನ್ನು ಇಂದಿಗೂ ಕಾಣಬಹುದು. ಅವು ಕೊಳವೆಯ ಮೇಲಿನ ಒತ್ತಡವನ್ನು ತಗ್ಗಿಸುತ್ತಿದ್ದವು; ನೀರಿನೊಡನೆ ಬಂದ ಹೂಳು ಅವುಗಳ ತಳದಲ್ಲಿ ತಂಗುತ್ತಿತ್ತು. ಆ ನೀರು ಕಡೆಗೆ ತೊಟ್ಟಿಗಳಿಗೂ ಕಾರಂಜಿಗಳಿಗೂ ತೋಟಗಳಿಗೂ ಸೇರುತ್ತಿತ್ತು. ಈಗಿನ ವ್ಯವಸ್ಥೆ ಬೇರೆ. ಕೋಲ್ಹಾರದ ಬಳಿ ಕೃಷ್ಣಾ ನದಿಯಿಂದ ಎತ್ತಿದ ನೀರು ಶುದ್ಧವಾಗಿ, ಎತ್ತರದ ತೊಟ್ಟಿಗಳನ್ನು ಸೇರಿ, ಅಲ್ಲಿಂದ ದೊಡ್ಡ ಕೊಳವೆಗೆ, ಅದರಿಂದ ಸಣ್ಣದಕ್ಕೆ, ಸಣ್ಣದರಿಂದ ಓಣಿಯ ಕೊಳವೆಗೆ ಇಳಿಯುತ್ತದೆ. ಮರದ ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ ಹೊರಟಂತೆ ಇದರ ಕವಲುಗಳು. ರೆಂಬೆಯ ತುದಿಯಲ್ಲಿ ಕೊಳವೆಯ ಬಾಯಿಗೆ ಮುಚ್ಚಳ ಬಿಗಿದಿರುತ್ತದೆ. ಅದಕ್ಕೆ ಮುಂದೆ ದಾರಿಯಿಲ್ಲ. ಇಂತಹದನ್ನು ನಾವು ಮುಚ್ಚುಕೊನೆಯ ಕೊಳವೆ ಎಂದು ಕರೆಯೋಣ. ನೀರು ಸರಬರಾಜಿನವರು ಇದನ್ನು ಡೆಡ್ ಎಂಡ್ ಎನ್ನುತ್ತಾರೆ. ಹಳೆಯ ಪೇಟೆಗಳಲ್ಲಿ ಓಣಿಯೇ ಗೋಡೆಗೆ ಮುಟ್ಟಿ ನಿಂತುಬಿಡುವುದರಿಂದ ಇಂತಹ ಕೊನೆಗಳು ತಪ್ಪುವುದಿಲ್ಲ.

ನೀರಿನ ವಯಸ್ಸೆಂದರೆ ಅದು ತೊಟ್ಟಿಯಿಂದ ಹೊರಟ ಗಳಿಗೆಯಿಂದ ನಳದಲ್ಲಿ ಬೀಳುವ ಗಳಿಗೆಯವರೆಗಿನ ಕಾಲ. ಇದನ್ನು ಅರಿಯಲು ಜೋರಾಪುರ ಪೇಟೆಯಂತಹ ಹಳೆಯ ಪೇಟೆಯ ಓಣಿಯೊಂದನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಅದರ ಉದ್ದ 300 ಮೀಟರು. ಕೊಳವೆಯ ಒಳವ್ಯಾಸ 100 ಮಿಲಿಮೀಟರು, ಎಂದರೆ ನಾಲ್ಕು ಅಂಗುಲ. 25 ಮೀಟರಿಗೊಂದರಂತೆ ಹನ್ನೆರಡು ಮನೆಗಳಿವೆ. ಹನ್ನೆರಡನೆಯ ಮನೆ ಸರಿಯಾಗಿ ಕೊನೆಯಲ್ಲಿದೆ. ಮನೆಗೆ ಐದು ಜನ. ತಲೆಗೆ ದಿನಕ್ಕೆ 135 ಲೀಟರು. ಹೀಗೆ ಒಂದು ಮನೆ ದಿನಕ್ಕೆ ಬಳಸುವುದು 675 ಲೀಟರು. ಕೊಳವೆಯಲ್ಲಿ ಹಗಲಿರುಳೂ ನೀರಿರುತ್ತದೆಂದೇ ಸದ್ಯಕ್ಕೆ ತಿಳಿಯೋಣ.

ಈ ಕೊಳವೆಯ ಒಂದು ಮೀಟರು ಉದ್ದದಲ್ಲಿ ಹಿಡಿಸುವ ನೀರು 7.85 ಲೀಟರು. ಎರಡು ಮನೆಗಳ ನಡುವಣ 25 ಮೀಟರು ತುಂಡಿನಲ್ಲಿ ಸುಮಾರು 196 ಲೀಟರು ಇರುತ್ತದೆ. ಮೊದಲ ತುಂಡಿನ ಮೂಲಕ ಹನ್ನೆರಡು ಮನೆಗಳ ನೀರೂ ಸಾಗಬೇಕು. ಆದುದರಿಂದ ಅಲ್ಲಿ ನೀರು ಅರ್ಧ ಗಂಟೆಗೂ ಸ್ವಲ್ಪವೇ ಹೆಚ್ಚು ಹೊತ್ತು ಇದ್ದು ಮುಂದೆ ಹೋಗುತ್ತದೆ. ಒಂದೊಂದು ಮನೆ ತನ್ನ ಪಾಲನ್ನು ತೆಗೆದುಕೊಂಡಂತೆ ಮುಂದಿನ ಹರಿವು ತಗ್ಗುತ್ತದೆ. ಕೊನೆಯ ತುಂಡಿನಲ್ಲಿ ಸಾಗುವುದು ಒಂದೇ ಮನೆಯ ನೀರು. 196 ಲೀಟರನ್ನು 675ರಿಂದ ಭಾಗಿಸಿದರೆ ದಿನದ 0.29 ಭಾಗ, ಎಂದರೆ ಏಳು ಗಂಟೆ. ಅಲ್ಲಿ ನೀರಿನ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರು. ಇರುವೆಯೊಂದು ಅದನ್ನು ಹಿಂದೆ ಹಾಕಿ ನಡೆಯಬಲ್ಲದು.

ಎಲ್ಲ ತುಂಡುಗಳ ಕಾಲವನ್ನೂ ಕೂಡಿಸುವ ಬಗೆ ಸುಲಭ. ಕೊನೆಯ ತುಂಡಿಗೆ ಏಳು ಗಂಟೆ. ಅದರ ಹಿಂದಿನದಕ್ಕೆ ಏಳರ ಅರ್ಧ. ಅದರ ಹಿಂದಿನದಕ್ಕೆ ಏಳರ ಮೂರನೆಯ ಒಂದು. ಹೀಗೆ ಏಳರ ಹನ್ನೆರಡನೆಯ ಒಂದರವರೆಗೆ. ಒಟ್ಟು 21.7 ಗಂಟೆ. ಇದರಲ್ಲಿ ಗಮನಿಸಬೇಕಾದುದೊಂದಿದೆ. ಕೊನೆಯ ಎರಡೇ ತುಂಡುಗಳು ಸೇರಿ ಹತ್ತೂವರೆ ಗಂಟೆಯಾಗುತ್ತದೆ. ಎಂದರೆ ಕೊಳವೆಯ ಆರನೆಯ ಒಂದು ಭಾಗದಲ್ಲಿ ನೀರು ತನ್ನ ಅರ್ಧ ಆಯುಷ್ಯವನ್ನು ಕಳೆಯುತ್ತದೆ. ಓಣಿಯ ಬಾಯಿಂದ ಹತ್ತನೆಯ ಮನೆಯವರೆಗಿನ 250 ಮೀಟರಿಗೆ ಹನ್ನೊಂದು ಗಂಟೆ. ಅಲ್ಲಿಂದ ಮುಂದಿನ 50 ಮೀಟರಿಗೂ ಬಹುಮಟ್ಟಿಗೆ ಅಷ್ಟೇ. ನೀರು ಮುಪ್ಪಾಗುವುದು ದೂರದಿಂದಲ್ಲ, ಕೊನೆಯಲ್ಲಿ ಕೇಳುವವರು ಕಡಿಮೆಯಾಗುವುದರಿಂದ.

ಇನ್ನು ಕ್ಲೋರೀನಿನ ವಿಷಯ. ನೀರಿಗೆ ಕ್ಲೋರೀನನ್ನು ಅನಿಲವಾಗಿಯೋ ಚೆಲುವೆ ಪುಡಿಯಾಗಿಯೋ ಬೆರೆಸಿದಾಗ ಹೈಪೊಕ್ಲೋರಸ್ ಆಮ್ಲವುಂಟಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ. ಶುದ್ಧೀಕರಣಾಗಾರದಲ್ಲಿ ತನ್ನ ಕೆಲಸ ಮುಗಿಸಿದ ಮೇಲೂ ಸ್ವಲ್ಪ ಕ್ಲೋರೀನು ನೀರಿನಲ್ಲಿ ಉಳಿದಿರುವಂತೆ ಅಳತೆ ಮಾಡಿ ಹಾಕುತ್ತಾರೆ. ದಾರಿಯಲ್ಲಿ ಎಲ್ಲಿಯಾದರೂ ಸಣ್ಣ ಸೋರಿಕೆಯ ಮೂಲಕ ಹೊರಗಿನ ಕೊಳೆ ಒಳಹೊಕ್ಕರೆ ಈ ಉಳಿಕೆಯೇ ಕಾವಲು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಿನಷ್ಟು ಮುಕ್ತ ಕ್ಲೋರೀನು ಉಳಿದಿರಬೇಕು. ವೈರಸುಗಳಿಂದ ರಕ್ಷಣೆ ಬೇಕಾದಾಗ 0.5 ಇರಬೇಕು.

ಆದರೆ ಈ ಕಾವಲುಗಾರನು ಸುಮ್ಮನೆ ಕುಳಿತಿರುವವನಲ್ಲ. ಸಿಕ್ಕಿದವರೊಡನೆಲ್ಲ ಸೆಣಸಿ ತಾನೂ ಸವೆಯುವವನು. ಈ ಸವೆತಕ್ಕೆ ಎರಡು ಬಾಯಿಗಳಿವೆ. ಒಂದು, ನೀರಿನೊಳಗೇ ಇರುವ ಪದಾರ್ಥಗಳು. ನದಿಯ ನೀರಿನಲ್ಲಿ ಕರಗಿ ಬಂದ, ಸೋಸಿದರೂ ಹೋಗದ ಎಲೆ ಕಸಗಳ ಸಾರದೊಡನೆ ಕ್ಲೋರೀನು ನಿಧಾನವಾಗಿ ಕೂಡಿಕೊಳ್ಳುತ್ತ ಹೋಗುತ್ತದೆ. ಇನ್ನೊಂದು, ಕೊಳವೆಯ ಗೋಡೆ. ಹಳೆಯ ಕಬ್ಬಿಣದ ಕೊಳವೆಯ ಒಳಮೈಯಲ್ಲಿ ತುಕ್ಕಿನ ಗಂಟುಗಳೆದ್ದಿರುತ್ತವೆ. ಅಲ್ಲಿಂದ ಬಿಡುವ ಕಬ್ಬಿಣವನ್ನು ಕ್ಲೋರೀನು ಕೆಂಪು ತುಕ್ಕಾಗಿ ಮಾರ್ಪಡಿಸಿ ತಾನು ಖರ್ಚಾಗುತ್ತದೆ. ಗೋಡೆಗಂಟಿದ ಲೋಳೆಯ ಪದರದಲ್ಲಿ ಸೂಕ್ಷ್ಮಜೀವಿಗಳ ವಸತಿಯಿರುತ್ತದೆ. ಅದೂ ಕ್ಲೋರೀನನ್ನು ನುಂಗುತ್ತದೆ. ಕೊಳವೆ ಕಿರಿದಾದಷ್ಟೂ ಅದರೊಳಗಿನ ಪ್ರತಿ ಲೀಟರು ನೀರಿಗೆ ತಗಲುವ ಗೋಡೆ ಹೆಚ್ಚು. ಆದುದರಿಂದ ದೊಡ್ಡ ಕೊಳವೆಗಿಂತ ಓಣಿಯ ಕೊಳವೆಯಲ್ಲಿ ಈ ಎರಡನೆಯ ಬಾಯಿ ದೊಡ್ಡದು. ಬೇಸಗೆಯಲ್ಲಿ ಎರಡೂ ಚುರುಕಾಗುತ್ತವೆ. ನೆಲದಡಿಯಲ್ಲೇ ಕರಿಕಲ್ಲು ಎದುರಾಗಿ ಕೊಳವೆಯನ್ನು ಆಳಕ್ಕಿಳಿಸದೆ ಹಾಕಿದ ಕಡೆಗಳಲ್ಲಿ ನೀರು ಬಿಸಿಯೇರುವುದೂ ಬೇಗ.

ಸವೆತದ ಕ್ರಮ ಸಾಲದ ಬಡ್ಡಿಯ ತಿರುಗುಮುರುಗು. ಇದ್ದುದರಲ್ಲಿ ಇಷ್ಟನೆಯ ಪಾಲು ಪ್ರತಿ ಗಂಟೆಗೂ ಹೋಗುತ್ತದೆ. ನಮ್ಮ ಓಣಿಯಲ್ಲಿ ಹನ್ನೆರಡು ಗಂಟೆಗೊಮ್ಮೆ ಕ್ಲೋರೀನು ಅರ್ಧವಾಗುತ್ತದೆಂದೂ ಓಣಿಯ ಬಾಯಲ್ಲಿ ಲೀಟರಿಗೆ 0.8 ಮಿಲಿಗ್ರಾಂ ಇದೆಯೆಂದೂ ಇಟ್ಟುಕೊಳ್ಳೋಣ. ಹನ್ನೆರಡು ಗಂಟೆಯ ನೀರಿನಲ್ಲಿ 0.4, ಇಪ್ಪತ್ತನಾಲ್ಕು ಗಂಟೆಯ ನೀರಿನಲ್ಲಿ 0.2. ಕೊನೆಯ ಮನೆಗೆ 21.7 ಗಂಟೆಯ ನೀರು ಬರುವುದರಿಂದ ಅಲ್ಲಿ 0.23 ಸಿಗುತ್ತದೆ. ಗೆರೆಯನ್ನು ಕೂದಲೆಳೆಯಷ್ಟು ದಾಟಿದಂತಾಯಿತು.

ಈಗ ಕೊನೆಯ ಎರಡು ಮನೆಯವರು ಮನೆಗೆ ಬೀಗ ಹಾಕಿ ಊರಿಗೆ ಹೋದರೆನ್ನಿ. ಕೊನೆಯ 50 ಮೀಟರಿನಲ್ಲಿರುವ 392 ಲೀಟರು ನೀರು ನಿಂತಲ್ಲೇ ನಿಲ್ಲುತ್ತದೆ. ಎರಡೇ ದಿನಗಳಲ್ಲಿ ಅದರ ಕ್ಲೋರೀನು ಬಹುತೇಕ ಶೂನ್ಯ. ಅವರು ಹಿಂದಿರುಗಿ ನಳ ತಿರುಗಿಸಿದಾಗ ಮೊದಲು ಬರುವ ಕೊಡಗಳು ಈ ನಿಂತ ನೀರಿನವು. ಇಷ್ಟಕ್ಕೇ ಮುಗಿಯಲಿಲ್ಲ. ಹತ್ತನೆಯ ಮನೆಗೆ ಮೊದಲು ಹನ್ನೊಂದು ಗಂಟೆಯ ನೀರು ಬರುತ್ತಿತ್ತು. ಈಗ ಅದೇ ಕೊಳವೆಯ ಕೊನೆಯ ಮನೆಯಾದಂತಾಗಿ ಇಪ್ಪತ್ತು ಗಂಟೆಯ ನೀರು ಬರುತ್ತದೆ. ಅಲ್ಲಿಯ ಕ್ಲೋರೀನು 0.42ರಿಂದ 0.25ಕ್ಕೆ ಇಳಿಯುತ್ತದೆ. ನೆರೆಯವರ ಮನೆಗೆ ಬಿದ್ದ ಬೀಗ ತನ್ನ ಮನೆಯ ನೀರನ್ನು ಕೆಡಿಸಿತೆಂದು ಆ ಮನೆಯಾತ ಹೇಗೆ ಊಹಿಸಿಯಾನು?

ಮುಂದೆ ಜನ ಹೆಚ್ಚುವರೆಂದು ದೊಡ್ಡ ಕೊಳವೆ ಹಾಕುವುದೂ ಈ ಕಾರಣದಿಂದಲೇ ದೋಷಕ್ಕೆ ದಾರಿ. ಇದೇ ಓಣಿಗೆ ಆರು ಅಂಗುಲದ ಕೊಳವೆ ಹಾಕಿದ್ದರೆ ಅದರಲ್ಲಿ ಹಿಡಿಸುವ ನೀರು ಎರಡೂಕಾಲು ಪಟ್ಟು. ಕೊನೆಯ ಮನೆಗೆ ಬರುವ ನೀರಿನ ವಯಸ್ಸೂ ಎರಡೂಕಾಲು ಪಟ್ಟಾಗಿ ಎರಡು ದಿನಗಳಾಗುತ್ತಿದ್ದವು.

ಹಾಗಾದರೆ ಮೂಲದಲ್ಲಿಯೇ ಕ್ಲೋರೀನನ್ನು ಇಮ್ಮಡಿ ಹಾಕಬಾರದೇಕೆ? ಅರ್ಧವಾಗುವ ಕಾಲ ಹನ್ನೆರಡು ಗಂಟೆಯಾದರೆ, ಇಮ್ಮಡಿ ಹಾಕಿದ ಕ್ಲೋರೀನಿನಿಂದ ಕೊಳ್ಳುವುದು ಕೇವಲ ಹನ್ನೆರಡು ಗಂಟೆ. ಎರಡು ದಿನ ನಿಂತ ನೀರಿಗೆ ಇದರಿಂದ ಏನೂ ಆಗದು. ಅತ್ತ ಓಣಿಯ ಬಾಯಲ್ಲಿರುವವರಿಗೆ ವಾಸನೆ ಇಮ್ಮಡಿ. ಕ್ಲೋರೀನು ನೀರಿನ ಕಸದೊಡನೆ ಕೂಡಿ ಉಂಟಾಗುವ ಕ್ಲೋರೋಫಾರ್ಮು ಮುಂತಾದ ಬೇಡದ ವಸ್ತುಗಳೂ ಹೆಚ್ಚುತ್ತವೆ.

ಆದುದರಿಂದ ಕೊಳವೆಯನ್ನು ತೊಳೆಯುವ ಪದ್ಧತಿ ಬಂದಿದೆ. ಮುಚ್ಚುಕೊನೆಯಲ್ಲಿ ಒಂದು ತಿರುಪು ಬಾಗಿಲನ್ನಿಟ್ಟು, ಆಗಾಗ ಅದನ್ನು ತೆರೆದು ಒಳಗಿನ ನೀರನ್ನು ರಭಸದಿಂದ ಹೊರಬಿಡುವುದೇ ಈ ಕ್ರಮ. ಇದನ್ನು ವಾಷ್‌ಔಟ್ ಎನ್ನುವರು. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡನ್ನೂ ಒಂದೇ ಎಂದು ಬಗೆಯುವುದರಿಂದಲೇ ಬಹಳ ತಪ್ಪುಗಳಾಗುತ್ತವೆ. ಹಳೆಯ ನೀರನ್ನು ತೆಗೆದು ಹೊಸ ನೀರು ತರುವುದು ಒಂದು ಕೆಲಸ. ತಳದಲ್ಲಿ ಕುಳಿತ ಹೂಳನ್ನೂ ತುಕ್ಕನ್ನೂ ಕೆದಕಿ ಹೊರತಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ನಿಧಾನದ ಹರಿವೂ ಸಾಕು. ಎರಡನೆಯದಕ್ಕೆ ಕೊಳವೆಯೊಳಗೆ ಸೆಕೆಂಡಿಗೆ ಸುಮಾರು 0.9 ಮೀಟರಾದರೂ ವೇಗ ಬೇಕು. ಅಡುಗೆಮನೆಯ ನಳವನ್ನು ಪೂರ್ತಿ ತಿರುಗಿಸಿದರೂ ನಾಲ್ಕು ಅಂಗುಲದ ಕೊಳವೆಯಲ್ಲಿ ಹುಟ್ಟುವ ವೇಗ ಅದರ ಮೂವತ್ತರಲ್ಲೊಂದು ಪಾಲು. ಹೂಳು ಅಲುಗಾಡುವುದೂ ಇಲ್ಲ.

ನಮ್ಮ ಓಣಿಯಲ್ಲಿ ಆ ವೇಗ ಬರಬೇಕಾದರೆ ಸೆಕೆಂಡಿಗೆ 7 ಲೀಟರು ನೀರು ಹೊರಬೀಳಬೇಕು. ಅದಕ್ಕೆ ಎರಡು ಅಂಗುಲದ ಬಾಗಿಲು ಬೇಕು. ಹಳೆಯ ಕೊಳವೆಯ 300 ಮೀಟರಿನ ಘರ್ಷಣೆಗೆ ಸುಮಾರು 5 ಮೀಟರು ಎತ್ತರದ ನೀರಿನ ಒತ್ತಡ ವ್ಯಯವಾಗುತ್ತದೆ. ಬಾಗಿಲನ್ನು ದಾಟಲು ಇನ್ನೂ ಒಂದೆರಡು ಮೀಟರು. ಓಣಿಯ ಬಾಯಲ್ಲಿ ಏಳು ಮೀಟರಿನ ಒತ್ತಡವಾದರೂ ಇಲ್ಲದಿದ್ದರೆ ತೊಳೆದಂತೆ ಕಾಣುತ್ತದೆಯೇ ಹೊರತು ತೊಳೆದಂತಾಗುವುದಿಲ್ಲ. ಎಲ್ಲರ ನಳಗಳೂ ತೆರೆದಿರುವ ಬೆಳಗಿನ ಹೊತ್ತು ಇದಕ್ಕೆ ಸಲ್ಲದು. ಬಳಕೆ ತಗ್ಗಿದ ರಾತ್ರಿಯ ಹೊತ್ತನ್ನು ಆರಿಸಿಕೊಳ್ಳಬೇಕು.

ಕೆಲಸದ ಕ್ರಮ ಹೀಗಿದೆ. ಓಣಿಯವರಿಗೆ ಮುಂಚೆಯೇ ತಿಳಿಸಿ, ಅಷ್ಟು ಹೊತ್ತು ನಳ ತೆರೆಯದಂತೆ ಕೇಳಿಕೊಳ್ಳಬೇಕು. ಇಲ್ಲವಾದರೆ ಕೆದಕಿದ ಕೆಂಪು ನೀರು ಮನೆಗಳ ತೊಟ್ಟಿಗಿಳಿಯುತ್ತದೆ. ದೊಡ್ಡ ಕೊಳವೆಯನ್ನು ಮೊದಲು, ಅದರ ಕವಲನ್ನು ಅನಂತರ, ಓಣಿಯನ್ನು ಕಡೆಗೆ ತೊಳೆಯಬೇಕು. ತಿರುಗುಮುರುಗಾಗಿ ತೊಳೆದರೆ ಮೇಲಿನ ಕೊಳೆ ತೊಳೆದ ಕೊಳವೆಗೇ ಬಂದು ಸೇರುತ್ತದೆ. ತೆರೆಯುವ ಮುನ್ನ ಓಣಿಯ ಬಾಯಲ್ಲಿಯೂ ತುದಿಯಲ್ಲಿಯೂ ಕ್ಲೋರೀನನ್ನು ಅಳೆದು ಬರೆದಿಡಬೇಕು. ಬಾಗಿಲನ್ನು ನಿಧಾನವಾಗಿ ತೆರೆಯಬೇಕು. ಮುಚ್ಚುವಾಗ ಇನ್ನೂ ನಿಧಾನ ಬೇಕು. ಓಡುವ ನೀರನ್ನು ಒಮ್ಮೆಲೆ ತಡೆದರೆ ಅದರ ಹೊಡೆತಕ್ಕೆ ಹಳೆಯ ಕೊಳವೆಯ ಕೀಲುಗಳು ಬಿಡಬಹುದು. ಮೊದಲು ಕೆಂಪಗೆ, ಬಳಿಕ ಮಸಕಾಗಿ, ಕಡೆಗೆ ತಿಳಿಯಾಗಿ ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡುತ್ತಿರಬೇಕು. ಕೊಳವೆಯಲ್ಲಿರುವ 2,356 ಲೀಟರಿನ ಮೂರು ಪಟ್ಟು ಹೊರಹೋದರೆ ಸಾಮಾನ್ಯವಾಗಿ ಸಾಕು. ಅದಕ್ಕೆ ಹದಿನೇಳು ನಿಮಿಷ ಹಿಡಿಯುತ್ತದೆ. ಆಮೇಲೆ ಮತ್ತೆ ಕ್ಲೋರೀನನ್ನು ಅಳೆಯಬೇಕು.

ಇಲ್ಲಿ ಒಂದು ಅಪಾಯವನ್ನು ಹೇಳದಿರಲಾಗದು. ತೊಳೆದ ನೀರು ಗಟಾರಕ್ಕೆ ಹೋಗುವುದು ಸರಿ. ಆದರೆ ಅದನ್ನು ಬಿಡುವ ಕೊಳವೆಯ ಬಾಯಿ ಗಟಾರದ ನೀರಿನಲ್ಲಿ ಮುಳುಗಿರಬಾರದು. ಮೇಲೆ ಎಲ್ಲಿಯೋ ಕೊಳವೆ ಒಡೆದು ಒತ್ತಡ ಬಿದ್ದುಹೋದರೆ, ಬಾಗಿಲು ಸರಿಯಾಗಿ ಮುಚ್ಚಿರದಿದ್ದರೆ, ಗಟಾರದ ನೀರನ್ನೇ ಕೊಳವೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಬಾಯಿಗೂ ಗಟಾರದ ಮಟ್ಟಕ್ಕೂ ನಡುವೆ ಗಾಳಿಯ ಅಂತರವಿರಲೇಬೇಕು.

ಅಳೆಯುವ ವಿಧಾನ ಕಷ್ಟದ್ದಲ್ಲ. ಹಿಂದೆ ಆರ್ಥೋಟಾಲಿಡಿನ್ ದ್ರವ ಹಾಕಿ ಹಳದಿ ಬಣ್ಣ ನೋಡುತ್ತಿದ್ದರು. ಆ ದ್ರವವೇ ಆರೋಗ್ಯಕ್ಕೆ ಕೇಡೆಂದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು. ಈಗ ಡಿಪಿಡಿ ಎಂಬ ಪುಡಿಯನ್ನೋ ಗುಳಿಗೆಯನ್ನೋ ಕರಗಿಸಿ, ಮೂಡಿದ ಗುಲಾಬಿ ಬಣ್ಣವನ್ನು ಪಟ್ಟಿಯೊಡನೆ ಕೂಡಲೇ ಹೋಲಿಸುವರು. ತಡಮಾಡಿದರೆ ಬಣ್ಣ ಗಾಢವಾಗಿ ಮೋಸ ಮಾಡುತ್ತದೆ. ನೀರನ್ನು ಮಾಳಿಗೆಯ ತೊಟ್ಟಿಯ ನಳದಿಂದ ಹಿಡಿಯಬಾರದು. ಬೀದಿಯ ಕೊಳವೆಗೆ ನೇರವಾಗಿ ಕೂಡಿದ ನಳದಿಂದಲೇ ಹಿಡಿಯಬೇಕು.

ತುದಿಯಲ್ಲಿ ಕ್ಲೋರೀನು ಕಡಿಮೆಯೆಂದು ಕಂಡಾಗ ತಪ್ಪು ನೀರಿನದೋ ಗೋಡೆಯದೋ ಎಂದು ತಿಳಿಯಲು ಒಂದು ಬಾಟಲಿ ಸಾಕು. ಓಣಿಯ ಬಾಯಲ್ಲಿ ಶುದ್ಧವಾದ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಬಿರಡೆ ಹಾಕಿ, ಕತ್ತಲಲ್ಲಿ 22 ಗಂಟೆ ಇಟ್ಟು ಅಳೆಯಿರಿ. ಬಾಟಲಿಯಲ್ಲಿ 0.6 ಉಳಿದು, ಅಷ್ಟೇ ವಯಸ್ಸಿನ ಕೊಳವೆಯ ನೀರಿನಲ್ಲಿ 0.23 ಮಾತ್ರ ಉಳಿದಿದ್ದರೆ, ಉಳಿದದ್ದನ್ನು ನುಂಗಿದುದು ಕೊಳವೆಯೇ. ಬಾಟಲಿಯಲ್ಲಿಯೂ ಅಷ್ಟೇ ಇಳಿದಿದ್ದರೆ ದೋಷ ಮೂಲದ ನೀರಿನಲ್ಲಿದೆ; ಓಣಿಯನ್ನು ಎಷ್ಟು ತೊಳೆದರೂ ಫಲವಿಲ್ಲ.

ತೊಳೆದಾದ ಮೇಲಿನ ಅಳತೆಗಳು ಇನ್ನೂ ಹೆಚ್ಚು ಹೇಳುತ್ತವೆ. ತೊಳೆದ ಕೂಡಲೇ ತುದಿಯಲ್ಲಿಯೂ 0.8ರ ಹತ್ತಿರ ಬರುತ್ತದೆ, ಇದರಿಂದ ಸಂತೋಷಪಡುವಂತಿಲ್ಲ. ಬಳಕೆ ಹಿಂದಿನಂತೆಯೇ ಇದ್ದರೆ ಒಂದು ದಿನದೊಳಗೆ ನೀರು ಮತ್ತೆ 21.7 ಗಂಟೆಯ ವಯಸ್ಸಿಗೆ ಬಂದು ನಿಲ್ಲುತ್ತದೆ. ಹೊಸ ನೀರಿನ ಲಾಭ ಒಂದು ದಿನದ್ದು. ಹೂಳು ಹೋದುದರ ಲಾಭ ಮಾತ್ರ ತಿಂಗಳುಗಟ್ಟಲೆ ಬಾಳುವುದು. ಮಾರನೆಯ ದಿನದ ಅಳತೆ ಹಿಂದಿನ 0.23ಕ್ಕಿಂತ ಮೇಲೆ, 0.35ರಲ್ಲೋ 0.4ರಲ್ಲೋ ನಿಂತರೆ, ಹೂಳೇ ಕ್ಲೋರೀನನ್ನು ತಿನ್ನುತ್ತಿತ್ತೆಂದು ತಿಳಿಯಬೇಕು. ಮತ್ತೆ 0.23ಕ್ಕೇ ಇಳಿದರೆ ತೊಳೆತದಿಂದ ತೀರದ ದೋಷ ಅದು. ಎರಡು ಮೂರು ಗಂಟೆಗಳಲ್ಲೇ ಶೂನ್ಯವಾದರೆ ವಯಸ್ಸಿನ ಲೆಕ್ಕವನ್ನು ಬದಿಗಿಟ್ಟು, ಎಲ್ಲಿ ಕೊಳೆ ಒಳಸೇರುತ್ತಿದೆಯೆಂದು ಹುಡುಕಲು ಹೊರಡಬೇಕು. ಗಟಾರ ದಾಟಿ ಬರುವ ಮನೆಯ ಕೂಡುಕೊಳವೆಗಳನ್ನು ಮೊದಲು ನೋಡಬೇಕು.

ಸರದಿಯಂತೆ ನೀರು ಬಿಡುವ ಊರಿನಲ್ಲಿ ಈ ಲೆಕ್ಕ ಇನ್ನೂ ಕಠಿಣ. ಎರಡು ಸರದಿಗಳ ನಡುವೆ ಕೊಳವೆಯಲ್ಲಿ ಉಳಿದ ನೀರಿಗೆ ಅಷ್ಟೂ ದಿನದ ವಯಸ್ಸು ಸೇರುತ್ತದೆ. ಬರಿದಾದ ಕೊಳವೆ ಸೋರುವೆಡೆಯಲ್ಲಿ ಹೊರಗಿನ ತೇವವನ್ನು ಒಳಗೆಳೆಯುತ್ತದೆ. ಮುಂದಿನ ಸರದಿಯ ಮೊದಲ ನೀರು ಇವೆಲ್ಲವನ್ನೂ ತಳ್ಳಿಕೊಂಡು ತುದಿಗೆ ಒಯ್ಯುತ್ತದೆ. ತುದಿಯ ಮನೆಯವರು ಮೊದಲ ನೀರನ್ನು ಕುಡಿಯಲು ಹಿಡಿಯದೆ ಬಚ್ಚಲಿಗೋ ಗಿಡಗಳಿಗೋ ಬಿಡುವುದು ಆದುದರಿಂದಲೇ ವಿವೇಕ.

ಒಂದು ಸಲದ ತೊಳೆತಕ್ಕೆ ವ್ಯಯವಾಗುವುದು 7,000 ಲೀಟರು. ನಮ್ಮ ಓಣಿಯ ಹತ್ತು ಮನೆಗಳ ಒಂದು ದಿನದ ನೀರು. ಮಳೆ ಕಡಿಮೆಯಿರುವ ಜಿಲ್ಲೆಯಲ್ಲಿ ಇದನ್ನು ದಿನವೂ ಮಾಡುವ ಮಾತಿಲ್ಲ. ಹೂಳಿಗಾಗಿ ವರ್ಷಕ್ಕೆ ಕೆಲವು ಸಲ ತೊಳೆದು, ವಯಸ್ಸಿಗೆ ಬೇರೆ ಮದ್ದು ಹುಡುಕಬೇಕು. ಲೆಕ್ಕ ಇಲ್ಲಿಯೂ ನೆರವಿಗೆ ಬರುತ್ತದೆ. ಕೊಳವೆಯ ತುದಿಯಲ್ಲಿ ಇನ್ನೊಂದೇ ಮನೆಯಷ್ಟು, ದಿನಕ್ಕೆ 675 ಲೀಟರು, ಎಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತಲೂ ಕಡಿಮೆ ಬಳಕೆ ಹೆಚ್ಚಾದರೆ ಕೊನೆಯ ನೀರಿನ ವಯಸ್ಸು 21.7 ಗಂಟೆಯಿಂದ 15.2ಕ್ಕೆ ಇಳಿದು, ಕ್ಲೋರೀನು 0.23ರಿಂದ 0.33ಕ್ಕೆ ಏರುತ್ತದೆ. ಸಾರ್ವಜನಿಕ ನಳ, ಶಾಲೆ, ಗುಡಿ, ಮಸೀದಿ ಇವುಗಳಲ್ಲಿ ಯಾವುದಾದರೊಂದರ ಸಂಪರ್ಕವನ್ನು ಓಣಿಯ ಬಾಯಲ್ಲಿ ಕೊಡದೆ ತುದಿಯಲ್ಲಿ ಕೊಟ್ಟರೆ ಒಂದು ಹನಿಯೂ ಪೋಲಾಗದೆ ಈ ಕೆಲಸ ನಡೆದೀತು. ಹಿಂದಣ ಓಣಿಯ ಕೊಳವೆಯೂ ಹತ್ತಿರದಲ್ಲೇ ಕೊನೆಗೊಂಡಿದ್ದರೆ ಎರಡನ್ನೂ ಕೂಡಿಸಿ ಬಳಸುದಾರಿ ಮಾಡಬಹುದು. ಆದರೆ ಎರಡೂ ಕಡೆಯ ಹರಿವು ಸಮನಾಗಿ ಬಂದು ಸಂಧಿಸುವೆಡೆಯಲ್ಲಿ ನೀರು ಮತ್ತೆ ನಿಲ್ಲುವುದುಂಟು. ಕೂಡಿಸಿದ ಮೇಲೂ ಅಲ್ಲಿ ಅಳೆಯುವುದನ್ನು ಬಿಡಬಾರದು.

ಮೇಲಿನ ಅಂಕೆಗಳೆಲ್ಲ ದಿನದ ಸರಾಸರಿಯವು. ನಿಜವಾದ ಓಣಿಯಲ್ಲಿ ಬೆಳಗ್ಗೆ ನೀರು ಓಡುತ್ತದೆ, ರಾತ್ರಿ ನಿಲ್ಲುತ್ತದೆ. ಒಂದು ಮನೆಯಲ್ಲಿ ಇಬ್ಬರಿದ್ದರೆ ಇನ್ನೊಂದರಲ್ಲಿ ಹತ್ತು ಜನರಿರುತ್ತಾರೆ. ಆದುದರಿಂದ ಕೊನೆಯ ತೀರ್ಪು ಅಳತೆಯದೇ. ಪ್ರತಿ ಮುಚ್ಚುಕೊನೆಗೂ ಪುಸ್ತಕದಲ್ಲಿ ಒಂದು ಪುಟ ಬೇಕು: ತೊಳೆದ ದಿನ, ತೊಳೆಯುವ ಮೊದಲಿನ ಕ್ಲೋರೀನು, ಕೂಡಲೇ ಅಳೆದದ್ದು, ಮಾರನೆಯ ದಿನದ್ದು, ವಾರದ ಬಳಿಕದ್ದು. ವಾರದ ಅಂಕೆ ಮಾರನೆಯ ದಿನದ ಅಂಕೆಗಿಂತ ಕೆಳಗೆ ಜಾರತೊಡಗಿದಾಗ ಹೂಳು ಮತ್ತೆ ಕೂಡುತ್ತಿದೆಯೆಂದು ತಿಳಿದು ಮುಂದಿನ ತೊಳೆತದ ದಿನವನ್ನು ಗೊತ್ತುಮಾಡಬಹುದು. ತೊಳೆಯುವ ಅವಧಿಯನ್ನು ಊರಿಗೆಲ್ಲ ಒಂದೇ ಎಂದು ವಿಧಿಸುವುದಕ್ಕಿಂತ ಆಯಾ ಓಣಿಯ ಈ ಪುಟವನ್ನು ನೋಡಿ ನಿರ್ಧರಿಸುವುದೇ ಸರಿಯಾದ ಮಾರ್ಗ.